ನಾಲಗೆ ಮರೆತ ಎರಡು ಅಕ್ಷರ

‘ಅವಳು ಹಸುವನ್ನು ಕರೆದಳು’ ಎಂದು ಬರೆದರೆ ಓದುವವರಿಗೆ ಎರಡು ಅರ್ಥ ಹೊಳೆಯುತ್ತವೆ. ದೂರದಲ್ಲಿ ಮೇಯುತ್ತಿದ್ದ ಹಸುವನ್ನು ಹೆಸರು ಹಿಡಿದು ಕೂಗಿದಳು ಎನ್ನುವುದು ಒಂದು. ಕೊಟ್ಟಿಗೆಯಲ್ಲಿ ಕೂತು ಹಾಲು ಕರೆದುಕೊಂಡಳು ಎನ್ನುವುದು ಇನ್ನೊಂದು. ಪಂಪನ ಕಾಲದ ಓದುಗರಿಗೆ ಈ ತೊಡಕು ಇರಲಿಲ್ಲ. ಕೂಗುವುದಕ್ಕೆ ‘ಕರೆ’ ಎನ್ನುತ್ತಿದ್ದರು, ಹಾಲು ಹಿಂಡುವುದಕ್ಕೆ ‘ಕಱೆ’ ಎನ್ನುತ್ತಿದ್ದರು. ಅವು ಬೇರೆ ಅಕ್ಷರ, ಬೇರೆ ಉಚ್ಚಾರ. ಅದೇ ರೀತಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಆಳ್’ ಎಂದರೆ ರಾಜ್ಯ ಆಳುವುದು, ‘ಆೞ್’ ಎಂದರೆ ಮುಳುಗುವುದು. ಕೆರೆಯ ‘ಆಳ’ ಬಂದಿರುವುದು ಈ ಎರಡನೆಯದರಿಂದ.

ಇಂಥ ಉದಾಹರಣೆಗಳನ್ನು ನೋಡಿದ ಕೂಡಲೇ ಕೆಲವರಿಗೆ ಆಸೆಯಾಗುತ್ತದೆ. ಇಷ್ಟು ಚೆಂದದ ಭೇದವನ್ನು ಕೈಬಿಟ್ಟಿದ್ದೇಕೆ, ಱ ಮತ್ತು ೞ ಅಕ್ಷರಗಳನ್ನು ಮತ್ತೆ ಬರವಣಿಗೆಗೆ ತರಬಾರದೇಕೆ ಎಂದು ಕೇಳುತ್ತಾರೆ. ಹೆಸರನ್ನು ‘ತಮಿೞು’, ‘ಹೞಗನ್ನಡ’ ಎಂದು ಬರೆಯುವವರೂ ಈಗ ಅಲ್ಲಲ್ಲಿ ಸಿಗುತ್ತಾರೆ. ಇದಕ್ಕೆ ಉತ್ತರ ಹೇಳುವ ಮೊದಲು ಈ ಅಕ್ಷರಗಳು ಎಲ್ಲಿ ಬರುತ್ತಿದ್ದವು, ಅವು ಅಲ್ಲಿ ಬರಬೇಕೆಂದು ನಮಗೆ ಗೊತ್ತಾಗುವುದು ಹೇಗೆ ಎಂದು ನೋಡಬೇಕು. ಹೆಚ್ಚಿನ ಚರ್ಚೆ ದಾರಿ ತಪ್ಪುವುದು ಈ ಎರಡನೆಯ ಪ್ರಶ್ನೆಯನ್ನು ಹಾರಿಸಿಬಿಡುವುದರಿಂದ.

ಮೊದಲು ಉಚ್ಚಾರ. ೞ ಹೇಳುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಆದರೆ ಅಂಗುಳಿಗೆ ತಾಗುವುದಿಲ್ಲ. ತಾಗಿದರೆ ಅದು ಳ ಆಗಿಬಿಡುತ್ತದೆ. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ, ಮಲಯಾಳಿಗಳು ‘ಮೞ’ (ಮಳೆ) ಎನ್ನುವಲ್ಲಿ ಹೊರಡಿಸುವ ಧ್ವನಿ ಇದೇ. ಱ ಹೇಳುವಾಗ ನಾಲಗೆ ಮೇಲ್ದವಡೆಯ ಹಲ್ಲಿನ ಹಿಂದಿರುವ ಉಬ್ಬಿಗೆ ಗಟ್ಟಿಯಾಗಿ ಬಡಿದು ಕಂಪಿಸುತ್ತದೆ. ನಮ್ಮ ಮಾಮೂಲು ರ ಅದಕ್ಕಿಂತ ಮೆದು. ಎರಡನ್ನೂ ಬೇರೆಬೇರೆಯಾಗಿ ಕಿವಿಯಾರೆ ಕೇಳಬೇಕೆಂದರೆ ಮಲಯಾಳ ಮಾತಾಡುವವರ ಬಳಿ ಹೋದರೆ ಸಾಕು. ಅವರಲ್ಲಿ ‘ಕರ’ ಎಂದರೆ ದಡ, ‘ಕಱ’ ಎಂದರೆ ಕಲೆ. ಇವತ್ತಿಗೂ ಆ ಎರಡು ಬೆರೆಯುವುದಿಲ್ಲ.

ಕನ್ನಡದ ವ್ಯಾಕರಣಕಾರರು ಱ ಅಕ್ಷರವನ್ನು ಶಕಟರೇಫ ಎಂದು ಕರೆದರು. ಶಕಟ ಎಂದರೆ ಬಂಡಿ. ತೆಲುಗರೂ ತಮ್ಮ ಇದೇ ಅಕ್ಷರವನ್ನು ‘ಬಂಡಿ ರ’ ಎನ್ನುತ್ತಾರೆ. ೞ ಅಕ್ಷರಕ್ಕೆ ‘ರಳ’ ಎಂಬ ಹೆಸರು ಬಂತು. ಸುಮಾರು 1260ರ ಹೊತ್ತಿಗೆ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಮೂರು ಬಗೆಯ ಳಕಾರ ಹೇಳುತ್ತಾನೆ. ಸಂಸ್ಕೃತದ ಲ ಕನ್ನಡಕ್ಕೆ ಬಂದು ಳ ಆದದ್ದು ಕ್ಷಳ, ಕನ್ನಡದ್ದೇ ಆದ ಸಹಜ ಳ ಕುಳ, ಮೂರನೆಯದು ರಳ. ಅಚ್ಚಗನ್ನಡಕ್ಕೆ ಅವನು ಲೆಕ್ಕ ಹಾಕಿದ 47 ಅಕ್ಷರಗಳಲ್ಲಿ ಱ ಮತ್ತು ೞ ಎರಡೂ ಸೇರಿವೆ. ಅವು ಎರವಲು ಬಂದವಲ್ಲ, ದ್ರಾವಿಡ ಭಾಷೆಗಳ ಹಳೆಯ ಸ್ವತ್ತು.

ಕೇಶಿರಾಜ ಇನ್ನೂ ಒಂದು ಕೆಲಸ ಮಾಡಿದ. ಯಾವ ಯಾವ ಪದಗಳಲ್ಲಿ ರಳ ಬರುತ್ತದೆ ಎಂದು ಪಟ್ಟಿ ಕೊಟ್ಟ. ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಆಡುವವರ ಬಾಯಲ್ಲಿ ಜೀವಂತವಾಗಿರುವ ಧ್ವನಿಗೆ ಯಾರೂ ಪಟ್ಟಿ ಮಾಡುವುದಿಲ್ಲ. ‘ಕಾಲು’ ಬರೆಯುವಾಗ ಲ ಹಾಕಬೇಕೋ ಳ ಹಾಕಬೇಕೋ ಎಂದು ನಾವು ನಿಘಂಟು ತೆರೆಯುವುದಿಲ್ಲ, ಕಿವಿಯೇ ಹೇಳುತ್ತದೆ. ಪಟ್ಟಿ ಬೇಕಾಯಿತೆಂದರೆ ಕಿವಿ ಹೇಳುವುದನ್ನು ನಿಲ್ಲಿಸಿತ್ತು ಎಂದೇ ಅರ್ಥ. 13ನೆಯ ಶತಮಾನಕ್ಕೆ ೞ ಕವಿಗಳು ಕಲಿತು ಬರೆಯಬೇಕಾದ ಅಕ್ಷರವಾಗಿತ್ತು. ಅಂದರೆ ಇವತ್ತು ನಾವು ಚರ್ಚಿಸುತ್ತಿರುವ ಕಷ್ಟ ಏಳುನೂರು ವರ್ಷಕ್ಕೂ ಹಳೆಯದು.

ಅದಕ್ಕೂ ಹಿಂದೆ ಹೋದರೆ ಚಿತ್ರ ಸ್ಪಷ್ಟ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು 5ನೆಯ ಶತಮಾನದ್ದೆನ್ನುವ ಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ಪದವಿದೆ. ಯುದ್ಧದಲ್ಲಿ ಗೆದ್ದ ವೀರನಿಗೆ ಕತ್ತಿ ತೊಳೆದು ಕೊಡುವ ದತ್ತಿ ಅದು. ಬಾಳ್ ಎಂಬ ಕತ್ತಿಗೆ ಳ, ಕೞ್ಚು ಎಂಬ ತೊಳೆಯುವಿಕೆಗೆ ೞ. ಒಂದೇ ಪದದ ಒಳಗೆ ಎರಡೂ ಅಕ್ಕಪಕ್ಕ ನಿಂತಿವೆ, ಕೆತ್ತಿದವನು ಬೆರಸಿಲ್ಲ. ಅವನಿಗೆ ಅವು ಎರಡು ಬೇರೆ ಧ್ವನಿಗಳೆಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಡ.

ಮುಂದೆ ೞ ಎರಡು ದಾರಿ ಹಿಡಿಯಿತು. ಎರಡು ಸ್ವರಗಳ ನಡುವೆ ಇದ್ದಲ್ಲಿ ಅದು ಳ ಆಯಿತು. ಮೞೆ ಮಳೆಯಾಯಿತು, ಇೞಿ ಇಳಿಯಾಯಿತು, ಕೊೞಲ್ ಕೊಳಲಾಯಿತು, ಪೊೞಲ್ ಎಂಬ ಪಟ್ಟಣ ಹೊಳಲಾಯಿತು. ಹೊಳಲ್ಕೆರೆಯಲ್ಲಿ ಅದು ಇನ್ನೂ ಇದೆ. ಇನ್ನೊಂದು ವ್ಯಂಜನದ ಹಿಂದೆ ಇದ್ದಲ್ಲಿ ಮಾತ್ರ ೞ ರಕಾರವಾಗಿ, ಬಹಳ ಸಲ ಅದೂ ಕರಗಿ ಮುಂದಿನ ವ್ಯಂಜನದೊಳಗೆ ಸೇರಿಹೋಯಿತು. ಕೞ್ಚು ‘ಕರ್ಚು’ ಆಯಿತು. ಪೊೞ್ತು ‘ಪೊರ್ತು’ ಆಗಿ, ‘ಪೊತ್ತು’ ಆಗಿ ಇವತ್ತಿನ ‘ಹೊತ್ತು’ ಆಯಿತು. ಕೞ್ತೆ ನಮ್ಮ ‘ಕತ್ತೆ’. ಬಾೞ್ ಎಂಬ ಮೂಲದಿಂದಲೇ ಹೊರಟ ‘ಬರ್ದುಕು’ ಇಂದು ‘ಬದುಕು’. ಬಾಳು, ಬದುಕು ಎಂದು ಜೋಡಿಸಿ ಹೇಳುತ್ತೇವಲ್ಲ, ಅವು ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಒಂದರಲ್ಲಿ ೞ ಳ ಆಗಿ ಉಳಿಯಿತು, ಇನ್ನೊಂದರಲ್ಲಿ ಗುರುತೇ ಇಲ್ಲದೆ ಹೋಯಿತು.

ಅಕ್ಕಪಕ್ಕದ ಭಾಷೆಗಳಲ್ಲಿ ಇದೇ ಧ್ವನಿಗೆ ಏನಾಯಿತೆಂದು ತಿಳಿಯಲು ಊಟದ ಹೋಟೆಲಿಗೆ ಹೋದರೂ ಆಗುತ್ತದೆ. ತಮಿಳಿನಲ್ಲಿ ‘ಕೋೞಿ’ ಹಾಗೇ ಇದೆ, ಕನ್ನಡದಲ್ಲಿ ಕೋಳಿ, ತೆಲುಗಿನಲ್ಲಿ ‘ಕೋಡಿ’, ತುಳುವಿನಲ್ಲಿ ‘ಕೋರಿ’. ಮಂಗಳೂರಿನ ಕೋರಿ ರೊಟ್ಟಿಯಲ್ಲಿರುವ ರ ಹಳೆಯ ೞ. ಏಳು ಎಂಬ ಸಂಖ್ಯೆಗೆ ತೆಲುಗರು ‘ಏಡು’ ಎನ್ನುವುದೂ ಇದೇ ಕಾರಣಕ್ಕೆ.

ಱ ಹೋಗಿದ್ದು ನಿಧಾನಕ್ಕೆ. ೞ ಬರಬೇಕಾದಲ್ಲಿ ಳ ಕೆತ್ತಿದ ಶಾಸನಗಳು 10ನೆಯ ಶತಮಾನದ ಹೊತ್ತಿಗೇ ಸಿಗುತ್ತವೆ. ಆದರೆ ‘ಕೆಱೆ’, ‘ನೂಱು’, ‘ಆಱು’ ಎಂಬ ಬರಹ ಹೊಯ್ಸಳರ ಕಾಲದ ಶಾಸನಗಳಲ್ಲೂ ಕಾಣುತ್ತದೆ. ಕೊನೆಗೆ ಱ ಮಾಮೂಲು ರಕಾರದಲ್ಲಿ ಬೆರೆತಿತು. ೞ ತರಹ ಅದು ಇಬ್ಭಾಗವಾಗಲಿಲ್ಲ. ಹಾಗಾಗಿ ಅದರ ಕಥೆ ಇಷ್ಟೇ.

ಈಗ ಸ್ವಾರಸ್ಯದ ಭಾಗ. ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು 941ರ ಸುಮಾರಿಗೆ. ಅವನ ಕೈಬರಹ ನಮಗೆ ಸಿಕ್ಕಿಲ್ಲ. ಸಿಕ್ಕಿರುವುದು ಶತಮಾನಗಳ ಮೇಲೆ ಯಾರೋ ಯಾರನ್ನೋ ನೋಡಿ ನಕಲು ಮಾಡಿದ ಓಲೆಗರಿಗಳು. ನಕಲು ಮಾಡಿದವರ ಬಾಯಲ್ಲಿ ೞ ಇರಲಿಲ್ಲ. ಹಾಗಾಗಿ ಅವರು ಕೆಲವೆಡೆ ೞ ಬಿಟ್ಟು ಳ ಬರೆದರು. ಇನ್ನು ಕೆಲವರು ಹಳೆಯ ಕಾವ್ಯವಲ್ಲವೇ ಎಂದು ಭಯಭಕ್ತಿಯಿಂದ ಳ ಇರಬೇಕಾದಲ್ಲೂ ೞ ಬರೆದರು. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ನೋಡಲು ಶುದ್ಧವಾಗಿ ಕಾಣುತ್ತದೆ. ಹೀಗಿರುವಾಗ ಸಂಪಾದಕ ಯಾವುದನ್ನು ನಂಬಬೇಕು?

ಅವನ ಕೈಗೆ ಸಿಗುವ ಗಟ್ಟಿ ಆಧಾರ ಪ್ರಾಸ. ಹಳಗನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಮೊದಲ ಅಕ್ಷರದ ಲಘು ಗುರು ಕೂಡ ಹೊಂದಬೇಕು. ಒಂದು ಪದ್ಯದ ನಾಲ್ಕು ಸಾಲು ಕ್ರಮವಾಗಿ ‘ಮಳೆ’, ‘ಇಳಿ’, ‘ಅಳಿ’, ‘ತೊಳೆ’ ಎಂಬ ಪದಗಳಿಂದ ಶುರುವಾಗುತ್ತವೆ ಎಂದುಕೊಳ್ಳಿ. ಓಲೆಯಲ್ಲಿ ನಾಲ್ಕಕ್ಕೂ ಳ ಇದೆ. ತಮಿಳು, ಮಲಯಾಳಗಳಲ್ಲಿ ಇವುಗಳ ಬಂಧುಗಳನ್ನು ನೋಡಿದರೆ ಮಳೆ, ಇಳಿ, ಅಳಿ (ನಾಶವಾಗು) ಮೂರಕ್ಕೂ ೞ ಇರುವುದು ಖಚಿತವಾಗುತ್ತದೆ. ಹಾಗಾದರೆ ನಾಲ್ಕನೆಯದಾದ ‘ತೊಳೆ’ಗೂ ೞ ಇದ್ದಿರಬೇಕೆಂದು ಪ್ರಾಸವೇ ಹೇಳಿಕೊಡುತ್ತದೆ. ಸಂಪಾದಕ ಧೈರ್ಯವಾಗಿ ನಾಲ್ಕನ್ನೂ ತಿದ್ದಬಹುದು. ಇನ್ನೊಂದು ಪದ್ಯದಲ್ಲಿ ನಾಲ್ಕನೆಯ ಸಾಲು ‘ತೊಳೆ’ ಬದಲು ‘ಒಳಗೆ’ ಎಂದು ಶುರುವಾಯಿತೆನ್ನಿ. ‘ಒಳಗೆ’ಯಲ್ಲಿರುವುದು ನಿಸ್ಸಂಶಯವಾಗಿ ಕುಳ. ಈಗ ಸಾಧ್ಯತೆ ಎರಡೇ. ಒಂದೋ ಆ ಪದ್ಯ ಬರೆದವನಿಗೆ ಎರಡು ಧ್ವನಿಗಳೂ ಒಂದೇ ಆಗಿ ಕೇಳಿಸುತ್ತಿದ್ದವು, ಅಂದರೆ ಪದ್ಯ ಈಚಿನದು. ಇಲ್ಲವೇ ನಡುವೆ ಯಾರೋ ಪದ ಬದಲಿಸಿದ್ದಾರೆ. ಪ್ರಾಚೀನ ಕವಿಯ ಕಾವ್ಯದ ನಡುವೆ ಇಂಥ ಪದ್ಯ ಎದುರಾದರೆ ಅದು ಪ್ರಕ್ಷಿಪ್ತವೇ ಎಂದು ಅನುಮಾನಿಸಲು ಕಾರಣವಿದೆ. ಒಂದು ಪದ್ಯದ ಅನುಮಾನ ಸಾಕಾಗುವುದಿಲ್ಲ ನಿಜ. ಆದರೆ ಕಾವ್ಯದ ಉದ್ದಕ್ಕೂ ಕವಿ ಭೇದ ಪಾಲಿಸಿದ್ದಾನೆಯೇ ಇಲ್ಲವೇ ಎಂದು ಎಣಿಸಿದರೆ ಅವನ ಕಾಲದ ಬಗ್ಗೆ ಒಳ್ಳೆಯ ಸುಳಿವು ಸಿಗುತ್ತದೆ.

ಆದ್ದರಿಂದ ಹಳಗನ್ನಡ ಪಠ್ಯಗಳನ್ನು ಅಚ್ಚು ಹಾಕುವಾಗ ‘ಓದುಗರಿಗೆ ಸುಲಭವಾಗಲಿ’ ಎಂದು ಱ ಮತ್ತು ೞ ಅಕ್ಷರಗಳನ್ನು ರ, ಳ ಮಾಡಿಬಿಡುವುದನ್ನು ನಾನು ಒಪ್ಪುವುದಿಲ್ಲ. ಕವಿ ಕಷ್ಟಪಟ್ಟು ಹೊಂದಿಸಿದ ಪ್ರಾಸ ಅಲ್ಲಿ ಅಳಿಸಿಹೋಗುತ್ತದೆ. ಓದುಗನಿಗೂ ಅನುಕೂಲವೇನೂ ಆಗುವುದಿಲ್ಲ. 1894ರ ಕಿಟೆಲ್ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಾಗಲಿ ಹಳೆಯ ಪದಗಳಿಗೆ ಈ ಅಕ್ಷರಗಳನ್ನು ಉಳಿಸಿಕೊಂಡಿವೆ. ‘ಬಾಳ್’ ಎಂದು ಅಚ್ಚಾದ ಪಠ್ಯ ಹಿಡಿದು ಹುಡುಕಿದ ವಿದ್ಯಾರ್ಥಿ ಕತ್ತಿಯ ಅರ್ಥ ಬರೆದುಕೊಂಡು ಹೋಗುತ್ತಾನೆ. ಪದ್ಯದಲ್ಲಿದ್ದದ್ದು ಬದುಕು. ಅರ್ಥ ಕೆಟ್ಟದ್ದು ಅವನಿಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ಇವತ್ತಿನ ಬರವಣಿಗೆಗೆ? ಒಂದು ವಾಕ್ಯ ಮಾಡಿ ನೋಡೋಣ. ‘ಏಳು ಗಂಟೆಗೆ ಮಳೆ ನಿಂತ ಮೇಲೆ ಹಾಲು ಕರೆದು, ಹಳೆಯ ಕೊಡೆ ಮರೆತು, ಕೆರೆಯ ಕಡೆ ಇಳಿದೆ, ಆಗ ಹೊತ್ತು ಏರಿತ್ತು.’ ಇದನ್ನು ಹಳೆಯ ಅಕ್ಷರಗಳಲ್ಲಿ ಬರೆದರೆ ‘ಏೞು ಗಂಟೆಗೆ ಮೞೆ ನಿಂತ ಮೇಲೆ ಹಾಲು ಕಱೆದು, ಹೞೆಯ ಕೊಡೆ ಮಱೆತು, ಕೆಱೆಯ ಕಡೆ ಇೞಿದೆ, ಆಗ ಹೊತ್ತು ಏಱಿತ್ತು’ ಎಂದಾಗುತ್ತದೆ. ನೋಡಲು ಗಂಭೀರವಾಗಿಯೇ ಇದೆ. ಆದರೆ ತೊಂದರೆಗಳು ಅಲ್ಲೇ ಶುರು.

‘ಹೊತ್ತು’ ಎಂಬಲ್ಲಿ ೞ ಎಲ್ಲಿ ಹೋಯಿತು? ಮೂಲ ಪೊೞ್ತು ಎಂದ ಮೇಲೆ ‘ಹೊೞ್ತು’ ಎಂದು ಬರೆಯಬೇಕೇ? ಹಾಗೆ ಬರೆದರೆ ‘ಕೞ್ತೆ’ಯನ್ನೂ ಎಳೆದು ತರಬೇಕು. ಬೇಡ ಎಂದರೆ ಕೆಲವು ಪದಗಳಲ್ಲಿ ಮೂಲ ತೋರಿಸಿ ಕೆಲವುಗಳಲ್ಲಿ ಮುಚ್ಚಿಟ್ಟಂತಾಗುತ್ತದೆ. ‘ನೆರಳು’ ಇನ್ನೂ ಕಷ್ಟ. ಅದರ ಹಳೆಯ ರೂಪ ‘ನೆೞಲ್’. ಇಲ್ಲಿ ೞ ರ ಆಗಿದೆ, ಕೊನೆಯ ಲ ಳ ಆಗಿದೆ. ಇದನ್ನು ಹೇಗೆ ತಿದ್ದಿದರೂ ಯಾರೂ ಆಡದ ಪದವೊಂದು ಹುಟ್ಟುತ್ತದೆ. ‘ಹೞೆಯ’ ಎಂಬುದೂ ಹೀಗೆಯೇ ಎರಡು ಕಾಲಗಳ ಬೆರಕೆ. ‘ಪ’ ಹೋಗಿ ‘ಹ’ ಬೇರೂರುವ ಹೊತ್ತಿಗೆ ಆಡುಮಾತಿನಿಂದ ೞ ಮರೆಯಾಗಿತ್ತು. ಪಂಪನಿಗೆ ಅದು ‘ಪೞೆಯ’, ನಮಗೆ ‘ಹಳೆಯ’. ನಡುವಿನ ಈ ರೂಪವನ್ನು ಹಳೆಯದೆಂದು ಗೌರವಿಸಲೂ ಆಗದು, ಹೊಸದೆಂದು ಬಳಸಲೂ ಆಗದು.

ಅರ್ಥಭೇದ ಸ್ಪಷ್ಟವಾಗುತ್ತದೆ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ‘ಕರೆ’ ‘ಕಱೆ’ ಬೇರ್ಪಟ್ಟವು, ಸರಿ. ‘ಬೇರು’ (ಮರದ್ದು) ಮತ್ತು ‘ಬೇಱೆ’ (ಇನ್ನೊಂದು) ಹೇಗೂ ಬೆರೆಯುತ್ತಿರಲಿಲ್ಲ. ‘ಏಳು’ ಸಂಖ್ಯೆಗೂ ಹಾಸಿಗೆಯಿಂದ ಏಳುವುದಕ್ಕೂ ಹಳಗನ್ನಡದಲ್ಲಿ ೞ ಇದೆ. ಆರು ಎಂಬ ಸಂಖ್ಯೆ, ಕಾಫಿ ಆರುವುದು, ಎರಡಕ್ಕೂ ಱ ಇದೆ. ಅಕ್ಷರ ಮರಳಿ ತಂದರೂ ಈ ಜೋಡಿಗಳು ಹಾಗೇ ಉಳಿಯುತ್ತವೆ. ನಿಜವಾಗಿ ಗೊಂದಲ ತಪ್ಪಿಸುತ್ತಿರುವುದು ವಾಕ್ಯದ ಸಂದರ್ಭ. ಗೊಂದಲ ಜಾಸ್ತಿಯಾದಲ್ಲಿ ಜನ ತಾವೇ ದಾರಿ ಹುಡುಕಿಕೊಂಡಿದ್ದಾರೆ. ಹಳ್ಳಿಯಲ್ಲಿ ಯಾರೂ ಬರೇ ‘ಕರೆದೆ’ ಎನ್ನುವುದಿಲ್ಲ, ‘ಹಾಲು ಕರೆದೆ’ ಎನ್ನುತ್ತಾರೆ.

ಮರಳಿ ತರಬೇಕೆನ್ನುವವರ ಗಟ್ಟಿ ವಾದ ಬೇರೆ ಇದೆ. ಮಹಾಪ್ರಾಣಗಳೂ, ಶ ಷ ಭೇದವೂ ಹೆಚ್ಚಿನವರ ಬಾಯಲ್ಲಿಲ್ಲ, ಆದರೂ ಬರೆಯುತ್ತಿದ್ದೇವಲ್ಲ ಎನ್ನುತ್ತಾರೆ. ಮಾತು ನಿಜ. ಡಿ.ಎನ್. ಶಂಕರ ಭಟ್ಟರು ಇದೇ ಗಮನಿಕೆಯಿಂದ ಹೊರಟು, ಆಡುಮಾತಿನಲ್ಲಿಲ್ಲದ ಅಕ್ಷರಗಳನ್ನು ಬರಹದಿಂದ ಕೈಬಿಡೋಣ ಎಂದು ವಾದಿಸಿದರು. ಅವರ ದಾರಿ ಹಿಡಿದರೆ ಱ, ೞ ಬರುವುದಿರಲಿ, ಇರುವ ಅಕ್ಷರಗಳೇ ಕಡಿಮೆಯಾಗುತ್ತವೆ. ವಿಚಿತ್ರವೆಂದರೆ ಅಚ್ಚಗನ್ನಡದ ಅಭಿಮಾನದಲ್ಲಿ ಕೆಲವರು ಮಹಾಪ್ರಾಣ ಬೇಡ ಎನ್ನುತ್ತಲೇ ೞ ಬೇಕು ಎನ್ನುತ್ತಾರೆ. ಮೊದಲನೆಯದಕ್ಕೆ ಆಧಾರ ಬಾಯಿ, ಎರಡನೆಯದಕ್ಕೆ ಆಧಾರ ಓಲೆಗರಿ. ಎರಡನ್ನೂ ಒಟ್ಟಿಗೆ ಹಿಡಿಯಲಾಗುವುದಿಲ್ಲ. ಮಹಾಪ್ರಾಣಗಳ ವಿಷಯದಲ್ಲಿ ನಾನು ಭಟ್ಟರಷ್ಟು ದೂರ ಹೋಗುವವನಲ್ಲ. ಅವುಗಳನ್ನು ಬರೆಯುವ ರೂಢಿ ಒಂದು ತಲೆಮಾರೂ ತಪ್ಪದೆ ನಡೆದುಬಂದಿದೆ, ಪಾಠ ಹೇಳುವವರು ಉಚ್ಚರಿಸಿ ತೋರಿಸಬಲ್ಲರು. ೞ ವಿಷಯದಲ್ಲಿ ಆ ಸರಪಳಿ ಕಡಿದು ಶತಮಾನಗಳಾದವು.

ಕಡಿಯದೇ ಉಳಿಸಿಕೊಂಡವರ ಪಾಡೂ ಸಲೀಸಲ್ಲ. ತಮಿಳಿನಲ್ಲಿ ಎರಡು ರಕಾರಗಳನ್ನೂ ಬರೆಯುತ್ತಾರೆ. ಆದರೆ ಬಹಳಷ್ಟು ಕಡೆ ಉಚ್ಚಾರದಲ್ಲಿ ವ್ಯತ್ಯಾಸ ಉಳಿದಿಲ್ಲ. ಮಕ್ಕಳು ‘ಚಿನ್ನ ರ’, ‘ಪೆರಿಯ ಱ’, ಅಂದರೆ ಚಿಕ್ಕ ರ, ದೊಡ್ಡ ರ ಎಂದು ಕೇಳಿ ಕೇಳಿ ಉರು ಹೊಡೆಯಬೇಕು. ತಮಿಳುನಾಡಿನ ದಕ್ಷಿಣದಲ್ಲಿ ೞ ಬದಲು ಳ ಎನ್ನುವವರು ಎಷ್ಟೋ ಜನ. ಅವರಿಗೆ ಮುರಿಯದ ಪರಂಪರೆಯಾದರೂ ಇದೆ. ನಮ್ಮ ಮಕ್ಕಳು ‘ಮಳೆ’ಗೆ ಯಾವ ಳ, ‘ಬೆಳಗು’ಗೆ ಯಾವ ಳ ಎಂದು ತಿಳಿಯಲು ತಮಿಳು ನಿಘಂಟು ನೋಡಬೇಕಾಗುತ್ತದೆ. ಹೊಸ ಕಾಗುಣಿತಕ್ಕೆ ನನ್ನ ಮತ ಬೀಳದಿರಲು ಇದೊಂದೇ ಕಾರಣ ಸಾಕು.

ಕನ್ನಡದ ಒಂದು ಮೂಲೆಯಲ್ಲಿ ಈ ಧ್ವನಿಗಳ ನೆರಳು ಉಳಿದಿತ್ತು ಎಂಬುದನ್ನು ಹೇಳದೆ ಮುಂದೆ ಹೋಗಬಾರದು. 1930ರ ದಶಕದಲ್ಲಿ ನೀಲಗಿರಿಯಲ್ಲಿ ಕೆಲಸ ಮಾಡಿದ ಭಾಷಾವಿಜ್ಞಾನಿ ಎಂ.ಬಿ. ಎಮೆನೋ, ಕನ್ನಡದ ಹತ್ತಿರದ ನಂಟಾದ ಬಡಗ ಮಾತಿನಲ್ಲಿ ನಾಲಗೆ ಮಡಚಿ ಹೇಳುವ ಸ್ವರಗಳನ್ನು ಗುರುತಿಸಿದರು. ೞ, ಱ ಮುಂತಾದ ವ್ಯಂಜನಗಳು ಸವೆದುಹೋಗುವಾಗ ತಮ್ಮ ಮಡಚನ್ನು ಪಕ್ಕದ ಸ್ವರಕ್ಕೆ ಬಿಟ್ಟುಹೋಗಿದ್ದವು. ವ್ಯಂಜನ ಹೋದರೂ ನಾಲಗೆಯ ಭಂಗಿ ಉಳಿದ ಅಪರೂಪದ ಪ್ರಸಂಗವಿದು.

ಹೊಸ ಬರಹದಲ್ಲಿ ೞ ಬೇಕೆನಿಸುವ ಒಂದೇ ಒಂದು ಜಾಗವಿದೆ, ಅದು ತಮಿಳು ಮತ್ತು ಮಲಯಾಳದ ಹೆಸರುಗಳು. ಆ ಧ್ವನಿಯನ್ನು ಇಂಗ್ಲಿಷಿನಲ್ಲಿ zh ಎಂದು ಬರೆಯುವ ರೂಢಿ. ಇಂಗ್ಲಿಷ್ ಸುದ್ದಿ ನೋಡಿ ಕನ್ನಡ ಮಾಡುವವರು ಅದನ್ನು ಝ ಎಂದುಕೊಂಡು ‘ಆಲಪ್ಪುಝ’, ‘ಕೋಝಿಕ್ಕೋಡ್’ ಎಂದು ಬರೆಯುತ್ತಾರೆ. ಆ ಊರುಗಳಲ್ಲಿ ಝಕಾರದ ಸುಳಿವೇ ಇಲ್ಲ. ಸಾಮಾನ್ಯ ಓದುಗರಿಗೆ ‘ಆಲಪ್ಪುಳ’, ‘ಕೋಳಿಕ್ಕೋಡ್’ ಎಂದರೆ ಸಾಕು. ಕನ್ನಡ ೞ ಧ್ವನಿಯನ್ನು ಳ ಮಾಡಿಕೊಂಡು ಸಾವಿರ ವರ್ಷವಾಗಿರುವಾಗ ಹೊಸ ಹೆಸರಿಗೆ ಬೇರೆ ನಿಯಮ ಬೇಕಿಲ್ಲ. ಭಾಷಾವಿಜ್ಞಾನದ ಲೇಖನದಲ್ಲಿ, ಶಾಸನ ಓದುವಲ್ಲಿ, ನಿಘಂಟಿನಲ್ಲಿ ೞ ಬರೆಯಲಿ.

ಬರೆಯಲು ಅಡ್ಡಿಯೇನೂ ಇಲ್ಲ. ಯೂನಿಕೋಡಿನಲ್ಲಿ ಱ ಅಕ್ಷರಕ್ಕೆ U+0CB1, ೞ ಅಕ್ಷರಕ್ಕೆ U+0CDE ಎಂಬ ಸ್ಥಾನ ಸಿಕ್ಕಿದೆ. ಎರಡನೆಯದರ ಅಧಿಕೃತ ಹೆಸರು KANNADA LETTER FA. ಫಕಾರಕ್ಕೂ ೞ ಅಕ್ಷರಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ಏನೂ ಇಲ್ಲ. ಆರಂಭದಲ್ಲಿ ತಪ್ಪಾಗಿ ಇಟ್ಟ ಹೆಸರು ಅದು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ LLLA ಎಂದಿರಬೇಕಿತ್ತು ಎಂಬ ಟಿಪ್ಪಣಿ ಸೇರಿಸಿ ಸುಮ್ಮನಾಗಿದ್ದಾರೆ. ಕಂಪ್ಯೂಟರಿನಲ್ಲಿ ಹಳಗನ್ನಡ ಪಠ್ಯ ಸಿದ್ಧಪಡಿಸುವವರಿಗೆ ನಿಜವಾದ ತೊಡಕು ಬೇರೆ. ಯಂತ್ರಕ್ಕೆ ‘ಮೞೆ’ ಮತ್ತು ‘ಮಳೆ’ ಎರಡು ಸಂಬಂಧವಿಲ್ಲದ ಪದಗಳು. ‘ಮಳೆ’ ಎಂದು ಹುಡುಕಿದವರಿಗೆ ಪಂಪನ ಮೞೆ ಸಿಗುವುದಿಲ್ಲ. ಪಠ್ಯದಲ್ಲಿ ೞ ಹಾಗೇ ಇಟ್ಟು, ಹುಡುಕಾಟದಲ್ಲಿ ಮಾತ್ರ ೞ ಅಕ್ಷರವನ್ನು ಳ ಎಂದೂ ಱ ಅಕ್ಷರವನ್ನು ರ ಎಂದೂ ಎಣಿಸುವಂತೆ ಮಾಡಿದರೆ ಎರಡೂ ಕೆಲಸ ಆಗುತ್ತದೆ. ‘ಹೊತ್ತು’ ಎಂದು ಹುಡುಕಿದವರಿಗೆ ‘ಪೊೞ್ತು’ ಸಿಗಬೇಕಾದರೆ ಅಷ್ಟು ಸಾಲದು, ಅದಕ್ಕೆ ಪದಪದಕ್ಕೂ ಹಳೆಯ ರೂಪ ಜೋಡಿಸಿದ ನಿಘಂಟನ್ನೇ ಹುಡುಕಾಟದ ಹಿಂದೆ ಇಡಬೇಕಾಗುತ್ತದೆ.